ಕಾಕಂಬಿ ಎಳೆಯಲು ಯಾವ ಪಂಪ್? ಮೊದಲು ಪೈಪ್ ನೋಡಿ, ಆಮೇಲೆ ಪಂಪ್

ದೊಡ್ಡಬೆಳವಂಗಲ ಸುತ್ತಮುತ್ತ ಹಸು ಸಾಕಿರೋರು ನೇಪಿಯರ್ ಹುಲ್ಲಿನ ಸೈಲೇಜ್ ಮಾಡುವಾಗ ಟನ್ ಹುಲ್ಲಿಗೆ 20ರಿಂದ 30 ಕೆಜಿ ಕಾಕಂಬಿ ಹಾಕುತ್ತಾರೆ. ಸಾವಯವದವರು ಬೆಲ್ಲದ ಬದಲು ಗೊಬ್ಬರದ ದ್ರಾವಣಗಳಿಗೂ ಅದನ್ನೇ ಬಳಸುತ್ತಾರೆ. ಒಂದೆರಡು ಡ್ರಮ್ ಇರುವಾಗ ಮಗ್ಗಿನಲ್ಲಿ ಮೊಗೆದು ಹಾಕಬಹುದು. ನಾಲ್ಕಾರು ಮನೆಯವರು ಸೇರಿ ಸಾವಿರ ಲೀಟರ್ ತರಿಸಿದಾಗ ಪಂಪ್ ಬೇಕು ಅನ್ನಿಸುತ್ತೆ. ಆಗ ಸಾಮಾನ್ಯವಾಗಿ ಆಗೋದೇನು ಅಂದ್ರೆ, ತೊಟ್ಟಿಯಿಂದ ನೀರೆತ್ತುವ 1 ಎಚ್‌ಪಿ ಮಾನೋಬ್ಲಾಕ್ ತಂದು ಜೋಡಿಸುತ್ತಾರೆ. ಮೋಟರ್ ಗುಂಯ್‌ ಅನ್ನುತ್ತೆ, ಬಿಸಿಯಾಗುತ್ತೆ, ಕಾಕಂಬಿ ಮಾತ್ರ ಜಾಗ ಬಿಟ್ಟು ಅಲ್ಲಾಡಲ್ಲ. ಕೊನೆಗೆ ವೈಂಡಿಂಗ್ ಸುಟ್ಟ ಖರ್ಚು ಮೈಮೇಲೆ.

ಇದು ಪಂಪಿನ ತಪ್ಪಲ್ಲ, ಆ ಪಂಪನ್ನು ಮಾಡಿರೋದೇ ನೀರಿಗೆ. ಗಟ್ಟಿ ದ್ರವಕ್ಕೆ ಲೆಕ್ಕ ಬೇರೆ. ಈ ವಾರ ಆ ಲೆಕ್ಕವನ್ನು ಮೊಬೈಲ್ ಕ್ಯಾಲ್ಕ್ಯುಲೇಟರಿನಲ್ಲೇ ಮಾಡುವ ಹಾಗೆ ನೋಡೋಣ.

ಕಾಕಂಬಿ ಎಷ್ಟು ಗಟ್ಟಿ?

ದ್ರವ ಹರಿಯುವಾಗ ಒಳಗೊಳಗೇ ತೋರಿಸುವ ಹಿಡಿತಕ್ಕೆ ಸ್ನಿಗ್ಧತೆ ಅಂತಾರೆ. ಅಂಗಡಿಯವರು ವಿಸ್ಕಾಸಿಟಿ ಅನ್ನುವುದು ಇದನ್ನೇ. ಅದನ್ನು ಅಳೆಯುವುದು ಸೆಂಟಿಪಾಯ್ಸ್‌ನಲ್ಲಿ. ನೀರಿನದು ಸುಮಾರು 1. ಸಕ್ಕರೆ ಕಾರ್ಖಾನೆಯಿಂದ ಬರುವ ಕಾಕಂಬಿಯದು ಹಗಲಿನ ಬಿಸಿಲಲ್ಲಿ ಕೆಲವು ಸಾವಿರ, ಚಳಿಯಲ್ಲಿ ಹತ್ತು ಸಾವಿರ ದಾಟುತ್ತೆ. ಲಾಟಿನಿಂದ ಲಾಟಿಗೆ ಬಹಳ ವ್ಯತ್ಯಾಸ ಇರುವುದರಿಂದ ನಿಮ್ಮ ಕಾಕಂಬಿಯನ್ನು ನೀವೇ ಅಳೆಯೋದು ಒಳ್ಳೇದು.

ಅದಕ್ಕೊಂದು ಸುಲಭದ ದಾರಿ ಇದೆ. ಒಂದು ಎತ್ತರದ ಬಕೆಟ್ಟಿನ ತಳದ ಪಕ್ಕಕ್ಕೆ, ಒಳಗಿನ ಅಗಲ ಸರಿಯಾಗಿ 15 ಮಿಲಿಮೀಟರ್ ಇರುವ 30 ಸೆಂಟಿಮೀಟರ್ ಉದ್ದದ ಪೈಪನ್ನು ಅಡ್ಡಲಾಗಿ ಕೂರಿಸಿ. ಪೈಪಿನ ಮಟ್ಟದಿಂದ 30 ಸೆಂಟಿಮೀಟರ್ ಮೇಲಿನವರೆಗೆ ಕಾಕಂಬಿ ತುಂಬಿ. ಪೈಪಿನ ಬಾಯಿ ಬಿಟ್ಟು, ಅರ್ಧ ಲೀಟರ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲಿನಲ್ಲಿ ನೋಡಿ. ಅಷ್ಟು ಹೊತ್ತೂ ಬಕೆಟ್ಟಿನ ಮಟ್ಟ ಇಳಿಯದ ಹಾಗೆ ಮೇಲಿಂದ ಸುರಿಯುತ್ತಾ ಇರಿ. ಬಂದ ಸೆಕೆಂಡನ್ನು 34ರಿಂದ ಗುಣಿಸಿದರೆ ಸೆಂಟಿಪಾಯ್ಸ್ ಸಿಗುತ್ತೆ. ಎರಡೂವರೆ ನಿಮಿಷ, ಅಂದರೆ 150 ಸೆಕೆಂಡ್ ಹಿಡಿದರೆ ಸುಮಾರು 5,000. ಏಳು ನಿಮಿಷ ದಾಟಿದರೆ 15,000ದ ಹತ್ತಿರ.

ಪೈಪಿನ ಒಳ ಅಗಲದಲ್ಲಿ ಒಂದೇ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಉತ್ತರ ಕಾಲು ಭಾಗಕ್ಕಿಂತ ಜಾಸ್ತಿ ತಪ್ಪುತ್ತೆ, ಹಾಗಾಗಿ ಅದನ್ನು ಸ್ಕೇಲ್ ಇಟ್ಟು ನೋಡಿಯೇ ಬಳಸಿ. ಪರೀಕ್ಷೆಯನ್ನು ಎರಡು ಸಲ ಮಾಡಿ, ಒಮ್ಮೆ ಮಧ್ಯಾಹ್ನ, ಒಮ್ಮೆ ಡಿಸೆಂಬರಿನ ಬೆಳಗ್ಗೆ. ಪಂಪ್ ಮತ್ತು ಪೈಪನ್ನು ಬೆಳಗಿನ ಅಂಕಿಗೆ ಆರಿಸಬೇಕು.

ಮಾನೋಬ್ಲಾಕ್ ಯಾಕೆ ಸೋಲುತ್ತೆ?

ಮಾನೋಬ್ಲಾಕ್ ಅಂದರೆ ಸೆಂಟ್ರಿಫ್ಯೂಗಲ್ ಪಂಪ್. ಒಳಗಿನ ಇಂಪೆಲ್ಲರ್ ನಿಮಿಷಕ್ಕೆ 2,900 ಸುತ್ತು ತಿರುಗಿ ನೀರನ್ನು ಬೀಸಿ ಎಸೆಯುತ್ತೆ. ನೀರು ಎಸೆತಕ್ಕೆ ಸಿಗುತ್ತೆ. ಕಾಕಂಬಿ ಇಂಪೆಲ್ಲರಿಗೇ ಅಂಟಿಕೊಂಡು ಅದರ ಜೊತೆ ಸುತ್ತುತ್ತೆ. ಮೋಟರಿನ ಶಕ್ತಿಯೆಲ್ಲ ಆ ಎಳೆದಾಟದಲ್ಲೇ ಬಿಸಿಯಾಗಿ ಹೋಗುತ್ತೆ.

ಎಷ್ಟು ಹೋಗುತ್ತೆ ಅಂತ ಲೆಕ್ಕ ಹಾಕಲು ಅಮೆರಿಕದ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟಿನವರ ಒಂದು ವಿಧಾನ ಇದೆ. ನೀರಿನಲ್ಲಿ ಪರೀಕ್ಷಿಸಿದ ಪಂಪು ಗಟ್ಟಿ ದ್ರವದಲ್ಲಿ ಎಷ್ಟು ಕೆಲಸ ಮಾಡುತ್ತೆ ಅಂತ ಅದು ಹೇಳುತ್ತೆ. ಇದನ್ನೇ ವಿಸ್ಕಾಸಿಟಿ ಕರೆಕ್ಷನ್ ಅನ್ನೋದು. ನೀರಿನಲ್ಲಿ 16 ಮೀಟರ್ ಎತ್ತರಕ್ಕೆ ನಿಮಿಷಕ್ಕೆ 100 ಲೀಟರ್ ಕೊಡುವ, ನೂರಕ್ಕೆ 45ರ ದಕ್ಷತೆಯ ಒಂದು ಮಾನೋಬ್ಲಾಕ್ ಇದೆ ಅಂತಿಟ್ಟುಕೊಳ್ಳಿ. ನೀರೆತ್ತುವಾಗ ಅದಕ್ಕೆ ಸುಮಾರು 0.8 ಎಚ್‌ಪಿ ಸಾಕು. ಆ ವಿಧಾನದ ಪ್ರಕಾರ ಅದರ ಗತಿ ಹೀಗೆ:

- 130 ಸೆಂಟಿಪಾಯ್ಸ್ ದ್ರವ (ನೀರು ಬೆರೆಸಿ ತೆಳುವಾದ ಕಾಕಂಬಿ): ಹರಿವು 78 ಲೀಟರಿಗೆ, ಎತ್ತರ 12.5 ಮೀಟರಿಗೆ ಇಳಿಯುತ್ತೆ. ಬೇಕಾಗುವ ಶಕ್ತಿ ಸುಮಾರು 1.5 ಎಚ್‌ಪಿ.
- 1,200 ಸೆಂಟಿಪಾಯ್ಸ್: ಹರಿವು 48 ಲೀಟರ್, ಎತ್ತರ ಎಂಟು ಮೀಟರಿಗೂ ಕಡಿಮೆ. ದಕ್ಷತೆ ನೂರಕ್ಕೆ ಮೂರೂವರೆ. ಬೇಕಾಗುವ ಶಕ್ತಿ 3 ಎಚ್‌ಪಿಗಿಂತ ಜಾಸ್ತಿ.
- 5,000 ಸೆಂಟಿಪಾಯ್ಸ್: ಈ ಪಂಪಿಗೆ ಲೆಕ್ಕವೇ ಇಲ್ಲ. 1,200ರ ಹತ್ತಿರವೇ ಆ ವಿಧಾನದ ಮಿತಿ ಮುಗಿದುಹೋಗುತ್ತೆ.

ಎರಡನೇ ಸಾಲು ನೋಡಿದರೆ ಸಾಕು. 1 ಎಚ್‌ಪಿ ಮೋಟರಿನಿಂದ 3 ಎಚ್‌ಪಿ ಕೆಲಸ ಕೇಳಿದರೆ ಅದು ಸುಡದೆ ಇನ್ನೇನಾಗುತ್ತೆ? ದೊಡ್ಡ ಮಾನೋಬ್ಲಾಕ್ ತಂದರೂ ಕರೆಂಟು ಜಾಸ್ತಿ ತಿನ್ನುತ್ತೆ ಅಷ್ಟೇ. ಮನೆಯ ಸಂಪಿನಿಂದ ನೀರೆತ್ತುವ ಅರ್ಧ ಎಚ್‌ಪಿಯ ಸೆಲ್ಫ್ ಪ್ರೈಮಿಂಗ್ ಪಂಪಿಗಂತೂ ಈ ಕರೆಕ್ಷನ್ ಅನ್ವಯಿಸುವುದೇ ಇಲ್ಲ, ಅದನ್ನು ಕಾಕಂಬಿಯ ಹತ್ತಿರ ತರಲೇಬೇಡಿ. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಬೆರೆಸಿದ ಮೇಲೆ ಮಾನೋಬ್ಲಾಕ್ ಆರಾಮಾಗಿ ಎಳೆಯುತ್ತೆ. ಬೆರೆಸುವ ಮುಂಚೆ ಆಗಲ್ಲ.

ನೆನಪಿಡಿ, ಕೆಲವು ಕಂಪನಿಗಳ ಚಾರ್ಟಿನಲ್ಲಿ ಸೆಂಟಿಸ್ಟೋಕ್ ಅಂತ ಇರುತ್ತೆ. ಸೆಂಟಿಪಾಯ್ಸನ್ನು ಕಾಕಂಬಿಯ ಸಾಂದ್ರತೆ 1.4ರಿಂದ ಭಾಗಿಸಿದರೆ ಅದು ಬರುತ್ತೆ.

ಪೈಪಿನ ಲೆಕ್ಕ: ಅಗಲ ನಾಲ್ಕು ಸಲ ಗುಣಿಸಬೇಕು

ಗಟ್ಟಿ ದ್ರವ ಪೈಪಿನಲ್ಲಿ ಸುಳಿಯಿಲ್ಲದೆ, ಪದರ ಪದರವಾಗಿ ನಿಧಾನಕ್ಕೆ ಜಾರುತ್ತೆ. ಆಗ ಅದನ್ನು ತಳ್ಳಲು ಬೇಕಾದ ಒತ್ತಡ ಹೀಗೆ:

ಒತ್ತಡ = 6.8 × ಸ್ನಿಗ್ಧತೆ × ಪೈಪಿನ ಉದ್ದ × ಹರಿವು ÷ (ಒಳ ಅಗಲ × ಒಳ ಅಗಲ × ಒಳ ಅಗಲ × ಒಳ ಅಗಲ)

ಸ್ನಿಗ್ಧತೆ ಸೆಂಟಿಪಾಯ್ಸ್‌ನಲ್ಲಿ, ಉದ್ದ ಮೀಟರಿನಲ್ಲಿ, ಹರಿವು ನಿಮಿಷಕ್ಕೆ ಲೀಟರಿನಲ್ಲಿ, ಒಳ ಅಗಲ ಮಿಲಿಮೀಟರಿನಲ್ಲಿ ಹಾಕಿ. ಉತ್ತರ ಬಾರ್ ಲೆಕ್ಕದಲ್ಲಿ ಬರುತ್ತೆ.

ಒಂದು ಉದಾಹರಣೆ ಮಾಡೋಣ. ಕೊಟ್ಟಿಗೆಯ ಹೊರಗೆ ಕಬ್ಬಿಣದ ಪಂಜರದ 1,000 ಲೀಟರಿನ ಐಬಿಸಿ ಟ್ಯಾಂಕ್ ಇದೆ. ತುಂಬಿದಾಗ ಅದರಲ್ಲಿ ಕಾಕಂಬಿಯೇ 1,400 ಕೆಜಿ ಇರುತ್ತೆ, ಹಾಗಾಗಿ ಕೆಳಗೆ ಗಟ್ಟಿ ಕಟ್ಟೆ ಬೇಕು. ಅಲ್ಲಿಂದ 6 ಮೀಟರ್ ಪೈಪಿನಲ್ಲಿ, 3 ಮೀಟರ್ ಮೇಲಿರುವ ಬೆರೆಸುವ ತೊಟ್ಟಿಗೆ ಗಂಟೆಗೆ ಸಾವಿರ ಲೀಟರ್, ಅಂದರೆ ನಿಮಿಷಕ್ಕೆ 17 ಲೀಟರಿನಂತೆ ಹೋಗಬೇಕು. ಮಧ್ಯಾಹ್ನದ ಸ್ನಿಗ್ಧತೆ 5,000, ಬೆಳಗಿನದು 15,000 ಅಂತ ಅಳತೆಯಲ್ಲಿ ಬಂದಿದೆ.

- 1 ಇಂಚು ಪೈಪ್ (ಒಳಗೆ 25 ಮಿ.ಮೀ.): ಮಧ್ಯಾಹ್ನ ಸುಮಾರು 9 ಬಾರ್, ಬೆಳಗ್ಗೆ 26 ಬಾರ್.
- ಒಂದೂವರೆ ಇಂಚು (40 ಮಿ.ಮೀ.): ಮಧ್ಯಾಹ್ನ 1.3 ಬಾರ್, ಬೆಳಗ್ಗೆ 4 ಬಾರ್.
- 2 ಇಂಚು (50 ಮಿ.ಮೀ.): ಮಧ್ಯಾಹ್ನ 0.5 ಬಾರ್, ಬೆಳಗ್ಗೆ 1.6 ಬಾರ್.

ಪೈಪಿನ ಅಗಲ ಎರಡರಷ್ಟಾದರೆ ಒತ್ತಡ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತೆ. 1 ಇಂಚು ಪೈಪ್ ಹಾಕಿದವರಿಗೆ ಯಾವ ಪಂಪ್ ತಂದರೂ ಕಷ್ಟ, 26 ಬಾರಿಗೆ ನಮ್ಮ ತೋಟದ ಪೈಪುಗಳು ಒಡೆದೇ ಹೋಗುತ್ತವೆ. 2 ಇಂಚು ಪೈಪಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ಸಣ್ಣ ಪಂಪೇ ಸಾಕಾಗುತ್ತೆ. ಅದಕ್ಕೇ ಮೊದಲು ಪೈಪ್ ನೋಡಿ ಅಂದದ್ದು.

ಇದಕ್ಕೆ ಎತ್ತರದ ಲೆಕ್ಕ ಕೂಡಿಸಿ. ಕಾಕಂಬಿಯನ್ನು 3 ಮೀಟರ್ ಎತ್ತಲು 0.4 ಬಾರ್ ಬೇಕು. 2 ಇಂಚು ಪೈಪಿನಲ್ಲಿ ಬೆಳಗಿನ ಹೊತ್ತು ಒಟ್ಟು 2 ಬಾರ್ ಆಯ್ತು. ಬೆಂಡು, ವಾಲ್ವುಗಳಿಗೆ ಅಂತ ಸೇರಿಸಿ 3 ಬಾರ್ ಇಟ್ಟುಕೊಳ್ಳೋಣ.

ಎಳೆಯುವ ಕಡೆ ಎಚ್ಚರ

ತಳ್ಳುವ ಕಡೆ ಒತ್ತಡ ಕಡಿಮೆ ಬಿದ್ದರೆ ಶಕ್ತಿ ಜಾಸ್ತಿ ಇರುವ ಪಂಪ್ ತರಬಹುದು. ಎಳೆಯುವ ಕಡೆ, ಅಂದರೆ ಸಕ್ಷನ್ ಕಡೆ, ಆ ದಾರಿ ಇಲ್ಲ. ಪಂಪು ನಿಜವಾಗಿ ಎಳೆಯೋದಿಲ್ಲ. ಅದು ಜಾಗ ಖಾಲಿ ಮಾಡಿಕೊಡುತ್ತೆ, ಹೊರಗಿನ ಗಾಳಿಯ ಒತ್ತಡ ದ್ರವವನ್ನು ಒಳಕ್ಕೆ ನೂಕುತ್ತೆ. ಸಮುದ್ರ ಮಟ್ಟದ ಮಂಗಳೂರಿನಲ್ಲಿ ಆ ಒತ್ತಡ 1 ಬಾರ್. ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಕಡೆ 0.9 ಬಾರ್ ಅಷ್ಟೇ. ಅದಕ್ಕಿಂತ ಜಾಸ್ತಿ ಯಾವ ಪಂಪಿನಿಂದಲೂ ಸಿಗಲ್ಲ.

ಮೇಲಿನ ಲೆಕ್ಕದಲ್ಲೇ ನೋಡಿ. ಟ್ಯಾಂಕಿನಿಂದ ಪಂಪಿಗೆ 1 ಮೀಟರ್ ಉದ್ದದ 2 ಇಂಚು ಪೈಪಿದ್ದರೆ ಬೆಳಗ್ಗೆ 0.27 ಬಾರ್ ಖರ್ಚಾಗುತ್ತೆ, ನಡೆಯುತ್ತೆ. ಅದೇ ಪಂಪನ್ನು ಸ್ವಿಚ್ ಬೋರ್ಡಿಗೆ ಹತ್ತಿರ ಇರಲಿ ಅಂತ 5 ಮೀಟರ್ ದೂರ ಇಟ್ಟರೆ 1.36 ಬಾರ್ ಬೇಕು. ಇರೋದೇ 0.9. ಆಗ ಪಂಪಿನೊಳಗೆ ದ್ರವ ತುಂಬುವುದೇ ಇಲ್ಲ, ಜಲ್ಲಿಕಲ್ಲು ತಿರುಗಿಸಿದ ಹಾಗೆ ಗಲಗಲ ಸದ್ದು ಬರುತ್ತೆ. ಸ್ಪೀಡ್ ಜಾಸ್ತಿ ಮಾಡಿದರೆ ಹರಿವು ಏರುವ ಬದಲು ಅಲ್ಲೇ ನಿಲ್ಲುತ್ತೆ, ಇಲ್ಲ ಇನ್ನೂ ಇಳಿಯುತ್ತೆ. ಇದು ಸಕ್ಷನ್ ಸಾಲದು ಅನ್ನುವುದರ ಖಚಿತ ಗುರುತು.

ಆದ್ದರಿಂದ ಪಂಪನ್ನು ಟ್ಯಾಂಕಿನ ಪಕ್ಕದಲ್ಲೇ, ಟ್ಯಾಂಕಿನ ತಳಕ್ಕಿಂತ ಕೆಳಗೆ ಕೂರಿಸಿ, ಕಾಕಂಬಿ ತಾನಾಗಿ ಪಂಪಿಗೆ ಇಳಿಯಬೇಕು. ಪಂಪಿನ ಬಾಯಿ ಒಂದೂವರೆ ಇಂಚಿದ್ದರೂ ಸಕ್ಷನ್ ಪೈಪ್ 2 ಇಂಚೇ ಇರಲಿ. ವೈರನ್ನು ಉದ್ದ ಮಾಡಿ, ಪೈಪನ್ನಲ್ಲ.

ಹಾಗಾದರೆ ಯಾವ ಪಂಪ್?

ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿ ಸಾಗಿಸೋದು ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಪಂಪುಗಳು. ಇವು ಎಸೆಯೋದಿಲ್ಲ. ಪ್ರತಿ ಸುತ್ತಿಗೂ ಒಂದು ಅಳತೆಯ ದ್ರವವನ್ನು ಹಿಡಿದು ಆಚೆ ಕಡೆಗೆ ತಳ್ಳುತ್ತವೆ, ಹಿಟ್ಟಿನ ಗಿರಣಿಯ ಬದಲು ಚಕ್ಕುಲಿ ಒರಳಿನ ಹಾಗೆ. ದ್ರವ ಗಟ್ಟಿ ಇದ್ದಷ್ಟೂ ಸಂದಿಯಲ್ಲಿ ಹಿಂದಕ್ಕೆ ಸೋರೋದು ಕಡಿಮೆ. ಹಾಗಾಗಿ ಇವುಗಳ ಕರೆಕ್ಷನ್ ಬೇರೆ ಥರ: ಹರಿವು ಕಡಿಮೆಯಾಗಲ್ಲ, ಆದರೆ ವೇಗ ಇಳಿಸಬೇಕು, ಮೋಟರಿನ ಶಕ್ತಿ ಏರಿಸಬೇಕು.

ನಮ್ಮ ಕೆಲಸಕ್ಕೆ ಹೊಂದುವವು ಎರಡು.

ಗೇರ್ ಪಂಪ್: ಒಳಗೆ ಹಲ್ಲುಚಕ್ರ ಇರುತ್ತೆ. ಗಟ್ಟಿಮುಟ್ಟು, ಸಣ್ಣದು, ರಿಪೇರಿ ಸುಲಭ. ಸೋಸಿದ ಕಾಕಂಬಿಗೆ ಇದೇ ಸಾಕು. ಮರಳು, ಕಲ್ಲಿನ ಚೂರು ಬಂದರೆ ಮಾತ್ರ ಹಲ್ಲು ಸವೆದು ಹಾಳಾಗುತ್ತೆ.

ಸ್ಕ್ರೂ ಪಂಪ್: ರಬ್ಬರ್ ತೋಳಿನೊಳಗೆ ತಿರುಚಿದ ಕಬ್ಬಿಣದ ರಾಡ್ ತಿರುಗುತ್ತೆ. ಕಸ, ಸಗಣಿ ನಾರು ಇರುವ ದ್ರಾವಣವನ್ನೂ ಎಳೆಯುತ್ತೆ. ಖಾಲಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ರಬ್ಬರ್ ಸುಟ್ಟುಹೋಗುತ್ತೆ, ಬದಲಾಯಿಸೋದು ದುಬಾರಿ.

ನಮ್ಮ ಉದಾಹರಣೆಗೆ ಗೇರ್ ಪಂಪ್ ತಗೊಳ್ಳೋಣ. ಕ್ಯಾಟಲಾಗಿನಲ್ಲಿ "1,440 ಆರ್‌ಪಿಎಂಗೆ ನಿಮಿಷಕ್ಕೆ 100 ಲೀಟರ್" ಅಂತ ಬರೆದಿರುತ್ತೆ. ಅದು ಎಣ್ಣೆಗೆ ಹೇಳಿದ ಮಾತು. 100 ಲೀಟರನ್ನು 1,440ರಿಂದ ಭಾಗಿಸಿ, ಒಂದು ಸುತ್ತಿಗೆ ಸುಮಾರು 70 ಮಿಲಿಲೀಟರ್. ನಮಗೆ ಬೇಕಿರೋದು ನಿಮಿಷಕ್ಕೆ 17 ಲೀಟರ್, ಅಂದರೆ 250 ಸುತ್ತು ಸಾಕು. ಇಷ್ಟು ನಿಧಾನಕ್ಕೆ ತಿರುಗಿದರೇ ಕಾಕಂಬಿ ಹಲ್ಲುಗಳ ಸಂದಿ ತುಂಬಿಕೊಳ್ಳಲು ಪುರುಸೊತ್ತು ಸಿಗೋದು. ಇದಕ್ಕೆ ಗೇರ್‌ಬಾಕ್ಸ್ ಇರುವ ಮೋಟರ್ ಬೇಕು. ಬೆಲ್ಟಿನಲ್ಲಿ ಮಾಡುತ್ತೇನೆ ಅಂದರೆ 3 ಇಂಚಿನ ಪುಲ್ಲಿಗೆ 17 ಇಂಚಿನ ಪುಲ್ಲಿ ಜೋಡಿಸಬೇಕಾಗುತ್ತೆ, ಸರಿಹೋಗಲ್ಲ.

ಮೋಟರ್ ಎಷ್ಟು? 3 ಬಾರ್ ಮತ್ತು 17 ಲೀಟರನ್ನು ಗುಣಿಸಿ 600ರಿಂದ ಭಾಗಿಸಿದರೆ 0.085 ಕಿಲೋವಾಟ್. ಗಟ್ಟಿ ದ್ರವದಲ್ಲಿ ಪಂಪಿನ ಒಳಗಿನ ಹಿಡಿತಕ್ಕೇ ಮುಕ್ಕಾಲು ಪಾಲು ಶಕ್ತಿ ಹೋಗುತ್ತೆ ಅಂದುಕೊಂಡರೂ ಅರ್ಧ ಎಚ್‌ಪಿಯ ಒಳಗೇ ಬರುತ್ತೆ. ಚಳಿಯಲ್ಲಿ ಸ್ಟಾರ್ಟ್ ಆಗುವಾಗ ತಡೆಯಲಿ ಅಂತ 1 ಎಚ್‌ಪಿ ಹಾಕಿ. ಮಾನೋಬ್ಲಾಕಿನಲ್ಲಿ ಸೋತ ಅದೇ 1 ಎಚ್‌ಪಿ ಇಲ್ಲಿ ಆರಾಮಾಗಿ ಕೆಲಸ ಮಾಡುತ್ತೆ.

ಗೇಟ್ ವಾಲ್ವ್ ಮುಚ್ಚಿ ಸ್ಟಾರ್ಟ್ ಮಾಡಬೇಡಿ

ನೀರಿನ ಪಂಪಿನಲ್ಲಿ ವಾಲ್ವ್ ಮುಚ್ಚಿಟ್ಟು ಸ್ಟಾರ್ಟ್ ಮಾಡಿ ಆಮೇಲೆ ತೆರೆಯೋ ಅಭ್ಯಾಸ ಹಲವರಿಗಿದೆ. ಇಲ್ಲಿ ಹಾಗೆ ಮಾಡಿದರೆ ಅಪಾಯ. ಈ ಪಂಪು ದಾರಿ ಮುಚ್ಚಿದ್ದರೂ ತಳ್ಳುತ್ತಲೇ ಇರುತ್ತೆ. ಪೈಪ್ ಒಡೆಯೋವರೆಗೆ, ಇಲ್ಲ ಶಾಫ್ಟ್ ಮುರಿಯೋವರೆಗೆ ಒತ್ತಡ ಏರುತ್ತೆ. ಆದ್ದರಿಂದ ರಿಲೀಫ್ ವಾಲ್ವ್ ಇಲ್ಲದ ಪಂಪ್ ತಗೊಳ್ಳಲೇಬೇಡಿ. ನಮ್ಮ ಉದಾಹರಣೆಯಲ್ಲಿ ಅದನ್ನು 4 ಬಾರಿಗೆ ಸೆಟ್ ಮಾಡಿಸಿ, ಪೈಪ್ 6 ಬಾರ್ ತಡೆಯುವಂಥದ್ದು ಇರಲಿ. ರಿಲೀಫ್ ವಾಲ್ವಿನ ಮೂಲಕ ಕಾಕಂಬಿ ಪಂಪಿನೊಳಗೇ ಸುತ್ತುತ್ತಾ ಇದ್ದರೆ ಬಿಸಿ ಏರುತ್ತೆ, ಅದು ತುರ್ತಿಗೆ ಇರೋದು. ಹಾಗಾದ ತಕ್ಷಣ ಮೋಟರ್ ನಿಲ್ಲಿಸಿ ಕಾರಣ ಹುಡುಕಿ.

ಪಂಪಿನ ಎರಡೂ ಕಡೆ ಒಂದೊಂದು ಗೇಜ್ ಹಾಕಿಸಿದರೆ ಕಾರಣ ಹುಡುಕೋದು ಸುಲಭ. ತಳ್ಳುವ ಕಡೆಯ ಮುಳ್ಳು ದಿನಕ್ಕಿಂತ ಮೇಲಿದ್ದರೆ ಕಾಕಂಬಿ ತಣ್ಣಗಾಗಿದೆ, ಇಲ್ಲ ಪೈಪಿನಲ್ಲಿ ಗಟ್ಟಿ ಕಟ್ಟಿದೆ. ಸಕ್ಷನ್ ಕಡೆಯ ಮುಳ್ಳು 0.3 ಬಾರ್ ವ್ಯಾಕ್ಯೂಮ್ ದಾಟಿದರೆ ಜಾಲರಿ ಕಟ್ಟಿಕೊಂಡಿದೆ. ಎರಡೂ ಸರಿಯಿದ್ದು ತೊಟ್ಟಿಗೆ ನೊರೆ ಬೀಳುತ್ತಿದ್ದರೆ ಸಕ್ಷನ್ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ. ಜಾಲರಿಯ ಕಣ್ಣು 3ರಿಂದ 5 ಮಿಲಿಮೀಟರ್ ಇರಲಿ, ಸಣ್ಣ ಕಣ್ಣಿನದಾದರೆ ಕಾಕಂಬಿಯೇ ಇಳಿಯಲ್ಲ.

ಕಾಕಂಬಿ ಒಣಗಿದರೆ ಅಂಟಿನಂತೆ ಹಿಡಿಯುತ್ತೆ. ಕೆಲಸ ಮುಗಿದ ಮೇಲೆ ಬೆಚ್ಚಗಿನ ನೀರು ಹಾಯಿಸಿ ಪಂಪನ್ನು ಪೂರ್ತಿ ಬಸಿಯಿರಿ. ಮತ್ತೆ ಸ್ಟಾರ್ಟ್ ಮಾಡುವ ಮುಂಚೆ, ಮೇನ್ ಸ್ವಿಚ್ ಆಫ್ ಇರುವಾಗ, ಶಾಫ್ಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ.

ಬಿಸಿ ಮಾಡಬಹುದಾ? ನೀರು ಸೇರಿಸಬಹುದಾ?

ಬೆಚ್ಚಗೆ ಮಾಡಿದರೆ ಬಹಳ ಅನುಕೂಲ. ಹತ್ತು ಡಿಗ್ರಿ ಏರಿದರೆ ಸ್ನಿಗ್ಧತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಮಧ್ಯಾಹ್ನದ ಬಿಸಿಲಿಗೆ ಬಿಟ್ಟು ಆಮೇಲೆ ಪಂಪ್ ಮಾಡೋದು ಎಲ್ಲಕ್ಕಿಂತ ಅಗ್ಗ. ಡ್ರಮ್ಮನ್ನು ಬಿಸಿ ನೀರಿನ ತೊಟ್ಟಿಯಲ್ಲೂ ಇಡಬಹುದು. 40 ಡಿಗ್ರಿ ದಾಟಿಸಬೇಡಿ. ಡ್ರಮ್ಮಿನ ಕೆಳಗೆ ಬೆಂಕಿ ಹಾಕಲೇಬೇಡಿ, ತಳದ ಸಕ್ಕರೆ ಕರಿದುಹೋಗುತ್ತೆ. ಜಾಸ್ತಿ ಬಿಸಿಯಾದ ಕಾಕಂಬಿ ತನ್ನೊಳಗೇ ಕಾವು ಹುಟ್ಟಿಸಿಕೊಂಡು ಉಕ್ಕುವುದೂ ಉಂಟು.

ನೀರನ್ನು ಶೇಖರಣೆ ಟ್ಯಾಂಕಿಗೆ ಸೇರಿಸಬೇಡಿ. ತೆಳುವಾದ ಕಾಕಂಬಿ ಹುಳಿಯುತ್ತೆ, ಗ್ಯಾಸ್ ಬರುತ್ತೆ. ಆ ಗ್ಯಾಸ್ ತುಂಬಿದ ಟ್ಯಾಂಕಿನೊಳಗೆ ತೊಳೆಯಲು ಅಂತ ಇಳಿದರೆ ಜೀವಕ್ಕೇ ಅಪಾಯ. ನೀರು ಬೆರೆಸೋದೆಲ್ಲ ಅವತ್ತೇ ಬಳಸುವ ತೊಟ್ಟಿಯಲ್ಲಿ ಮಾತ್ರ.

ತಿಂಗಳಿಗೆ ಒಂದೆರಡು ಡ್ರಮ್ ಆದರೆ

ಪಂಪೇ ಬೇಡ. 200 ಲೀಟರ್ ಡ್ರಮ್ಮಿಗೆ ಎರಡು ಬಾಯಿ ಇರುತ್ತೆ, ಒಂದು 2 ಇಂಚು, ಇನ್ನೊಂದು ಮುಕ್ಕಾಲು ಇಂಚು. ಡ್ರಮ್ಮನ್ನು ಎತ್ತರದ ಸ್ಟ್ಯಾಂಡಿನ ಮೇಲೆ ಮಲಗಿಸಿ, ದೊಡ್ಡ ಬಾಯಿ ಕೆಳಗೆ ಬರುವ ಹಾಗೆ ಇಟ್ಟು, ಅದಕ್ಕೆ 2 ಇಂಚಿನ ಬಾಲ್ ವಾಲ್ವ್ ಮತ್ತು ಅರ್ಧ ಮೀಟರ್ ಪೈಪ್ ಹಾಕಿ. ಗಾಳಿ ಹೋಗಲು ಸಣ್ಣ ಬಾಯಿ ಮೇಲೆ ಸಡಿಲ ಇರಲಿ. ಸರಾಸರಿ 40 ಸೆಂಟಿಮೀಟರ್ ಮಟ್ಟ, 5,000 ಸೆಂಟಿಪಾಯ್ಸ್ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 20 ಲೀಟರ್ ಇಳಿಯುತ್ತೆ, ಕೊನೆಕೊನೆಗೆ ನಿಧಾನ ಆಗುತ್ತೆ. ಅದೇ ಡ್ರಮ್ಮನ್ನು ಮುಕ್ಕಾಲು ಇಂಚಿನ ಬಾಯಿಯಿಂದ ಖಾಲಿ ಮಾಡಲು ಆರು ಗಂಟೆಗೂ ಜಾಸ್ತಿ ಬೇಕು.

ಪಂಪೇ ಬೇಕು ಅನ್ನುವವರು ಪೀಣ್ಯದ ಕಡೆ ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಬೆಳಗಿನ ಸ್ನಿಗ್ಧತೆ, ಸಾಂದ್ರತೆ 1.4, ನಿಮಿಷಕ್ಕೆ ಬೇಕಾದ ಲೀಟರ್, ಒಟ್ಟು ಬಾರ್, ಸಕ್ಷನ್ ಪೈಪಿನ ಉದ್ದ ಮತ್ತು ಅಗಲ. "ಈ ಸ್ನಿಗ್ಧತೆಗೆ ಎಷ್ಟು ಆರ್‌ಪಿಎಂನಲ್ಲಿ ಓಡಿಸಬೇಕು?" ಅಂತ ಕೇಳಿ. ಆ ಅಂಕಿ ಹೇಳದೆ "1,440ರಲ್ಲೇ ಓಡಿಸಿ ಸರ್, ಏನೂ ಆಗಲ್ಲ" ಅಂದರೆ ಮುಂದಿನ ಅಂಗಡಿ ನೋಡಿ. ಹಾಗೇ ಇನ್ನೊಂದು ವಿಷಯ, ಕಾಕಂಬಿಯ ಮೇಲೆ ಅಬಕಾರಿ ಇಲಾಖೆಯ ನಿಯಂತ್ರಣ ಇದೆ. ಜಾಸ್ತಿ ಪ್ರಮಾಣದಲ್ಲಿ ತರಿಸುವ ಮುಂಚೆ ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ಪರವಾನಗಿ ವಿಚಾರಿಸಿ, ಬಿಲ್ ಜೋಪಾನ ಮಾಡಿ.